ಪದಚರ್ಚೆ: ‘ದೊಪ್ಪಯ್ಯ’ ಎಂಬ ಹೆಸರು ಎಲ್ಲಿಯದು?

ಬದಿಯಡ್ಕದಿಂದ ಪ್ರಶ್ನೆ: ಎಂಬತ್ತರ ದಶಕದ ಕೊನೆಗೆ ಕಂಡ ಕಾರ್ಟೂನ್ ಒಂದರಲ್ಲಿ ಮಾತಾಡುವ ಮಂಗ ನಾಯಕ. ಅವನನ್ನು ಹಿಡಿಯಲು ಬಂದು ಪ್ರತಿ ಸಲ ಪೇಚಿಗೆ ಸಿಕ್ಕುವವನು ದೊಪ್ಪಯ್ಯ. ಮಂಗನ ಹೆಸರು ಮರೆತಿದೆ. ‘ದೊಪ್ಪನೆ ಬೀಳು’ ಎಂಬುದರಿಂದಲೇ ಆ ಹೆಸರು ಬಂದಿರಬಹುದೇ? ಕಾರ್ಟೂನ್ ಯಾವುದು?

ಕುಂಬಳೆಯಿಂದ: ಅದು ಬಾಲಮಂಗಳದ ಡಿಂಗ. ನಮ್ಮಲ್ಲಿ ಮನೆಮನೆಗೆ ಬರುತ್ತಿತ್ತು. ಡಿಂಗನ ಹಳೆಯ ಸಂಚಿಕೆ ಯಾರಲ್ಲಾದರೂ ಇದ್ದರೆ ತಿಳಿಸಿ, ಎರಡು ವರ್ಷದಿಂದ ಹುಡುಕುತ್ತಿದ್ದೇನೆ.

ಮಂಜೇಶ್ವರದಿಂದ: ಡಿಂಗ ಇಲಿ, ಮಂಗನಲ್ಲ. ಮಲಯಾಳಂ ಬಾಲಮಂಗಳಂನ ಡಿಂಕನ್ ಕನ್ನಡಕ್ಕೆ ಬಂದಾಗ ಆದ ಹೆಸರು ಅದು. ಪ್ರಶ್ನೆಯಲ್ಲಿರುವುದು ಟಿಂಕಲ್‌ನ ಕಾಲಿಯಾ ಇರಬೇಕು. ಅದರಲ್ಲೂ ಪದೇ ಪದೇ ಸೋಲುವ ಖಳರಿದ್ದಾರೆ.

ಕಾಸರಗೋಡಿನಿಂದ: ಟಿಂಕಲ್ ಎಂದದ್ದು ಸರಿ, ಪಾತ್ರ ತಪ್ಪಿತು ಮಾಷ್ಟ್ರೇ. ಕಾಲಿಯಾ ಕಾಗೆ, ಅವನೆದುರು ಇರುವುದು ಚಮಟಕ ಎಂಬ ನರಿ ಮತ್ತು ಡೂಬ್ ಡೂಬ್ ಎಂಬ ಮೊಸಳೆ. ಬೇಟೆಗಾರ ದೊಪ್ಪಯ್ಯ ಬರುವುದು ಕಪೀಶನ ಕಥೆಯಲ್ಲಿ. ಪ್ರಶ್ನೆ ಕೇಳಿದವರು ಒಂದು ವಿಷಯ ನೆನಪಿಸಿಕೊಳ್ಳಲಿ: ಮಂಗನ ಬಾಲ ಬೇಕೆಂದಾಗ ಉದ್ದವಾಗುತ್ತಿತ್ತೇ? ಹೌದಾದರೆ ಸಂಶಯ ಬೇಡ. ಬೇಟೆಗಾರ ಕೆಡವಿಸಿಕೊಳ್ಳುವುದೂ ಆ ಬಾಲದಿಂದಲೇ.

‘ಕಾರ್ಟೂನ್’ ಎಂಬ ಮಾತೇ ಇಲ್ಲಿ ದಾರಿ ತಪ್ಪಿಸುತ್ತದೆ. ನಮ್ಮ ಕಡೆ ಟಿವಿಯದ್ದಕ್ಕೂ ಪುಸ್ತಕದ ಚಿತ್ರಕಥೆಗೂ ಅದೇ ಹೆಸರು. ನಾಯಕನ ದನಿ ಕಿವಿಯಲ್ಲಿ ಉಳಿದಿದೆಯೇ ನೋಡಿ. ದೂರದರ್ಶನದ ಟೇಲ್‌ಸ್ಪಿನ್ ನೋಡಿದವರಿಗೆ ಬಲೂ ಕರಡಿಯ ಹಿಂದಿ ಮಾತು ನೆನಪಿರುತ್ತದೆ. ದನಿಯಿಲ್ಲದೆ ಬರೀ ಅಕ್ಷರ ಮತ್ತು ಚಿತ್ರ ಉಳಿದಿದ್ದರೆ ಅದು ಓದಿದ್ದು. ಕಪೀಶ ಮಲಯಾಳಂನ ಪೂಂಪಾಟ್ಟ, ಬಾಲರಮಗಳಲ್ಲೂ ಬರುತ್ತಿದ್ದ. ಗಡಿನಾಡಿನಲ್ಲಿ ಅವನು ಮಲಯಾಳಂ ಮೂಲಕವೇ ಸಿಕ್ಕಿರುವ ಸಾಧ್ಯತೆ ಹೆಚ್ಚು.

ಹೆಸರಿನ ವಿಚಾರ: ಕಪಿ + ಈಶ, ಸವರ್ಣದೀರ್ಘ ಸಂಧಿ, ಅದರಲ್ಲಿ ತಕರಾರಿಲ್ಲ. ದೊಪ್ಪಯ್ಯನದ್ದು ಅಷ್ಟು ಸಲೀಸಲ್ಲ. ‘ದೊಪ್ಪನೆ’ ನಮ್ಮ ಅನುಕರಣಾವ್ಯಯ. ಮಲಯಾಳಿಗಳು ಬೀಳುವ ಸದ್ದಿಗೆ ‘ಪೊತ್ತೋ’ ಎನ್ನುತ್ತಾರೆ. ಹಾಗಾಗಿ ಕನ್ನಡದ ಕಡೆಗೆ ಮನಸ್ಸು ವಾಲುವುದು ಸಹಜ. ಆದರೆ ‘ಅಯ್ಯ’ ದಕ್ಷಿಣದ ಎಲ್ಲ ಭಾಷೆಗಳಿಗೂ ಸೇರಿದ್ದು, ಸದ್ದು ಹೋಲಿದ ಮಾತ್ರಕ್ಕೆ ವ್ಯುತ್ಪತ್ತಿ ಸಿದ್ಧಿಸುವುದಿಲ್ಲ.

ಬದಿಯಡ್ಕದಿಂದ: ಬಾಲ ಉದ್ದವಾಗುತ್ತಿತ್ತು, ಹೌದು! ದನಿ ನೆನಪಿಲ್ಲ. ಹಾಗಾದರೆ ಓದಿದ್ದೇ.

ಮಂಜೇಶ್ವರದಿಂದ: ಟಿಂಕಲ್ ಹುಟ್ಟುಹಾಕಿದ ಅನಂತ ಪೈ ಕಾರ್ಕಳದವರು. ಅವರಿಗೆ ‘ದೊಪ್ಪನೆ’ ಗೊತ್ತಿಲ್ಲದೆ ಇರುತ್ತದೆಯೇ?

ಕಾಸರಗೋಡಿನಿಂದ: ಗೊತ್ತಿದ್ದೀತು. ಗೊತ್ತಿತ್ತು ಎಂಬುದಕ್ಕೂ ಅದರಿಂದಲೇ ಹೆಸರಿಟ್ಟರು ಎಂಬುದಕ್ಕೂ ನಡುವೆ ಒಂದು ಹೊಳೆಯೇ ಇದೆ.