ಅಪ್‌ಡೇಟ್: ಇಂಗ್ಲೆಂಡಿನ ಹೋಟೆಲಿಗೆ ಪಾರ್ಟ್‌ಟೈಮ್ ಕೆಲಸ ಕೇಳಿದ ಮೆಸೇಜು

ನನ್ನ ಪ್ರಶ್ನೆ: "ತಮ್ಮ ಇಂಗ್ಲೆಂಡಿನಲ್ಲಿ ಎಂ.ಎಸ್ಸಿ. ಓದುತ್ತಿದ್ದಾನೆ. ಅಲ್ಲಿ ನಮ್ಮ ಕಾಸರಗೋಡಿನವರದ್ದೇ ಒಂದು ಸಣ್ಣ ಹೋಟೆಲಿದೆ. ಕೆಲಸ ಕೇಳಿ ಹೇಗೆ ಬರೆಯಬೇಕು?"

ಕೆಲಸ ಸಿಕ್ಕಿತು. "ಗಂಟೆ, ದಿನ ಮೊದಲೇ ಹೇಳಿಬಿಡಿ" ಎಂದ ಅಕ್ಕನ ಸಲಹೆಯೇ ಫಲಿಸಿದ್ದು. ಕಳಿಸಿದ ಮೆಸೇಜು ಇದು:

"ನಮಸ್ಕಾರ ಅಣ್ಣ, ನಾನು ಮಂಜೇಶ್ವರದವನು, ಇಲ್ಲಿ ಎಂ.ಎಸ್ಸಿ. ವಿದ್ಯಾರ್ಥಿ. ನಿಮ್ಮಲ್ಲಿ ಪಾರ್ಟ್‌ಟೈಮ್ ಕೆಲಸ ಇದೆಯಾ? ಶುಕ್ರವಾರ ಸಂಜೆ 5ರಿಂದ 10, ಶನಿವಾರ, ಭಾನುವಾರ 11ರಿಂದ 5 ಬರಬಲ್ಲೆ, ಒಟ್ಟು 17 ಗಂಟೆ. ವೀಸಾದ ಮಿತಿ ವಾರಕ್ಕೆ 20. ಷೇರ್ ಕೋಡ್ ಕೇಳಿದಾಗ ಕೊಡುತ್ತೇನೆ."

"ಯಾವ ಹೊತ್ತಿಗಾದರೂ ಬರ್ತೇನೆ" ಅಂತ ಬರೆದು ಪಾಸ್‌ಪೋರ್ಟ್ ಫೋಟೋ ಸೇರಿಸಿದ ಮೆಸೇಜಿಗೆ ಬೇರೆ ಅಂಗಡಿಯಿಂದ ಉತ್ತರವೇ ಬರಲಿಲ್ಲ. ಸಣ್ಣ ಮಾಲೀಕರಿಗೆ ಬೇಕಾದ್ದು ಖಾಲಿ ಶಿಫ್ಟ್ ತುಂಬುತ್ತದೋ, ವೀಸಾ ನಿಯಮ ಮೀರಿ ಕೆಲಸ ಕೊಟ್ಟದ್ದಕ್ಕೆ ದಂಡ ಬೀಳುವ ಭಯ ಇಲ್ಲವೋ, ಅಷ್ಟೇ.

ಷೇರ್ ಕೋಡ್ ಅಂದರೆ ಕೆಲಸ ಮಾಡುವ ಹಕ್ಕಿದೆ ಎಂದು ಮಾಲೀಕರಿಗೆ ತೋರಿಸಲು gov.uk ನಲ್ಲಿ ತೆಗೆಯುವ ಕೋಡ್. ಅದರಲ್ಲೊಂದು ಸೂಕ್ಷ್ಮ. ಕೆಲಸಕ್ಕೆ ಬೇಕಾದದ್ದು W ಇಂದ ಶುರುವಾಗುವ ಒಂಬತ್ತು ಅಕ್ಷರದ್ದು, 90 ದಿನ ಚಾಲ್ತಿ. ಬಾಡಿಗೆ ಮನೆಗೆ ತೆಗೆದದ್ದು R ಇಂದ ಶುರುವಾಗುತ್ತದೆ, ಇಲ್ಲಿ ನಡೆಯುವುದಿಲ್ಲ. ಮಾಲೀಕರು gov.uk ನಲ್ಲಿ ಕೋಡ್ ಜೊತೆ ಜನ್ಮದಿನಾಂಕ ಹಾಕಿ ಪುಕ್ಕಟೆ ನೋಡಬಹುದು.

ಗೊತ್ತಿರದ ಇನ್ನೊಂದು: ವಾರ ಅಂದರೆ ಸೋಮವಾರದಿಂದ ಭಾನುವಾರ. ಈ ವಾರ 15 ಮಾಡಿ ಮುಂದಿನ ವಾರ 25 ಮಾಡುವ ಹಾಗಿಲ್ಲ. ಸಂಬಳವಿಲ್ಲದ "ಟ್ರಯಲ್" ಶಿಫ್ಟೂ ಲೆಕ್ಕಕ್ಕೆ ಬರುತ್ತದೆ. ಅದಕ್ಕೇ 3 ಗಂಟೆ ಉಳಿಸಿಟ್ಟದ್ದು. ಎಂ.ಎಸ್ಸಿ.ಯವರಿಗೆ ಬೇಸಿಗೆಯ ಪ್ರಬಂಧದ ತಿಂಗಳುಗಳೂ ಸಾಮಾನ್ಯವಾಗಿ ರಜೆಯಲ್ಲ, ಅಲ್ಲೂ 20ರ ಮಿತಿಯೇ.