ಮೂರು ಮರಿ, ತಾಯಿಗೆ ಹಾಲು ಸಾಲದು: ಬಾಟಲಿ ಕೊಟ್ಟರೆ ಸಣ್ಣ ಮರಿ ಕೆಮ್ಮುತ್ತಿದೆ

ಹಾವೇರಿ_ಹಟ್ಟಿ
ನಮ್ಮ ಉಸ್ಮಾನಾಬಾದಿ ಮೇಕೆ ಮೂರು ಮರಿ ಹಾಕಿ ಇವತ್ತಿಗೆ ಐದು ದಿನ. ಗಿಣ್ಣು ಹಾಲನ್ನು ಮೂರೂ ಮರಿ ಮೊದಲ ದಿನವೇ ಕುಡಿದಿವೆ. ಆದರೆ ತಾಯಿಗೆ ಹಾಲು ಕಡಿಮೆ. ದೊಡ್ಡವೆರಡು ತಳ್ಳಾಡಿ ಕುಡಿದುಬಿಡುತ್ತವೆ, ಸಣ್ಣದಕ್ಕೆ ಏನೂ ಸಿಗುವುದಿಲ್ಲ. ತರಕಾರಿ ತಕ್ಕಡಿಯಲ್ಲಿ ತೂಗಿದೆ: 2.3, 2 ಮತ್ತು 1.4 ಕೆಜಿ.

ಸಣ್ಣದಕ್ಕೆ ಎರಡು ದಿನದಿಂದ ಹಸುವಿನ ಹಾಲಿಗೆ ಅರ್ಧ ನೀರು ಬೆರೆಸಿ ಕೊಡುತ್ತಿದ್ದೇನೆ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ, ಒಂದೊಂದು ಸಲಕ್ಕೆ 150 ಎಂಎಲ್. ಕುಡಿಯುವಾಗ ಕೆಮ್ಮುತ್ತದೆ, ನಿನ್ನೆ ಮೂಗಲ್ಲೂ ಹಾಲು ಬಂತು. ಹಿಕ್ಕೆ ತೆಳ್ಳಗೆ ಹಳದಿಯಾಗಿದೆ. ಹಾಲು ಒಗ್ಗುತ್ತಿಲ್ಲವಾ?

ಗುಡ್ಡದ_ಹುಡುಗ
ಅಕ್ಕಾ, ಹಸುವಿನ ಹಾಲು ಮೇಕೆ ಮರಿಗೆ ಭಾರ. ಅದಕ್ಕೇ ಭೇದಿ. ಇನ್ನೂ ಸ್ವಲ್ಪ ನೀರು ಜಾಸ್ತಿ ಮಾಡಿ. ಮತ್ತೆ ಹಾಲು ಉಗುರು ಬೆಚ್ಚಗಿರಲಿ, ತಣ್ಣಗಿದ್ದರೆ ಹೊಟ್ಟೆ ಕೆಡುತ್ತದೆ.

ಕೊಟ್ಟಿಗೆ_ಲೆಕ್ಕ
ಬಿಸಿಯ ಮಾತು ಸರಿ, ನೀರಿನ ಮಾತು ಅಲ್ಲ ತಮ್ಮಾ. ಮೇಕೆ ಹಾಲೇನೂ ಹಸುವಿನ ಹಾಲಿಗಿಂತ ತೆಳುವಲ್ಲ. ಮರಿ ಹಸುವಿನ ಹಾಲನ್ನು ಹಾಗೇ ಕುಡಿಯಬಹುದು. ನೀರು ಬೆರೆಸಿದರೆ ಹೊಟ್ಟೆ ಉಬ್ಬುತ್ತದೆ, ಮೈಗೆ ಏನೂ ಹತ್ತುವುದಿಲ್ಲ.

ಅಕ್ಕಾ, ಲೆಕ್ಕ ಹಾಕೋಣ. ಮರಿಗೆ ದಿನಕ್ಕೆ ಅದರ ತೂಕದ ಸುಮಾರು ನೂರಕ್ಕೆ ಹದಿನೈದರಷ್ಟು ಹಾಲು ಬೇಕು. 1.4 ಕೆಜಿಗೆ ಅದು 210 ಎಂಎಲ್. ಐದು ಸಲ ಕೊಟ್ಟರೆ ಒಂದು ಸಲಕ್ಕೆ 40 ಚಿಲ್ಲರೆ. ನೀವು ಒಂದೇ ಏಟಿಗೆ 150 ಕೊಡುತ್ತಿದ್ದೀರಿ. ಅಷ್ಟು ಸಣ್ಣ ಹೊಟ್ಟೆಗೆ ಅದು ಹೊರೆ. ಭೇದಿಗೆ ಅದೇ ಕಾರಣ ಇರಬಹುದು. ಇವತ್ತು ಮೂರು ಪಾಲು ಹಾಲಿಗೆ ಒಂದು ಪಾಲು ನೀರು ಬೆರೆಸಿ, ನಾಳೆಯಿಂದ ಬರೀ ಹಾಲು ಕೊಡಿ. 40ರಂತೆ ಐದು ಸಲ, ರಾತ್ರಿ ಮಲಗುವ ಮುಂಚೆ ಒಂದು ಸಲ ಇರಲೇಬೇಕು.

ಕೆಮ್ಮು ಬೇರೆ ವಿಷಯ. ಮರಿಯನ್ನು ಹೇಗೆ ಹಿಡಿಯುತ್ತೀರಿ? ಮಗುವಿನ ಹಾಗೆ ತೊಡೆ ಮೇಲೆ ಮಲಗಿಸಿಕೊಂಡಾ? ನಿಪ್ಪಲ್ ತೂತು ಎಷ್ಟಿದೆ?

ಹಾವೇರಿ_ಹಟ್ಟಿ
ಹೌದು, ತೊಡೆ ಮೇಲೆಯೇ. ನಿಪ್ಪಲ್ ಮಕ್ಕಳದ್ದು. ಹಾಲು ಬರುತ್ತಿರಲಿಲ್ಲ ಅಂತ ಬ್ಲೇಡಿನಲ್ಲಿ ಸ್ವಲ್ಪ ಕೊಯ್ದೆ.

ಕೊಟ್ಟಿಗೆ_ಲೆಕ್ಕ
ಅಲ್ಲೇ ಇದೆ ಎಡವಟ್ಟು. ಬಾಟಲಿ ತಲೆಕೆಳಗೆ ಹಿಡಿದರೆ ಹನಿ ಹನಿಯಾಗಿ ಬೀಳಬೇಕು. ಧಾರೆ ಬಂದರೆ ಆ ನಿಪ್ಪಲ್ ಎಸೆಯಿರಿ. ಮರಿ ಚೀಪಿ ಎಳೆಯಬೇಕು, ನಾವು ಸುರಿಯಬಾರದು.

ಕೆಚ್ಚಲಿಗೆ ಬಾಯಿಟ್ಟ ಮರಿಯನ್ನು ನೋಡಿ: ನಾಲ್ಕೂ ಕಾಲಲ್ಲಿ ನಿಂತಿರುತ್ತದೆ, ಕತ್ತು ಮುಂದೆ ಚಾಚಿ ಸ್ವಲ್ಪ ಮೇಲೆ ಎತ್ತಿರುತ್ತದೆ. ಬಾಟಲಿಯನ್ನೂ ಆ ಎತ್ತರಕ್ಕೇ ಹಿಡಿಯಿರಿ. ಹಾಗೆ ಚೀಪಿದರೆ ಹಾಲು ದೊಡ್ಡ ಹೊಟ್ಟೆಗೆ ಹೋಗದೆ, ಒಳಗಿನ ಒಂದು ಮಡಿಕೆ ಕಾಲುವೆಯ ಹಾಗೆ ಮುಚ್ಚಿಕೊಂಡು, ನೇರ ಕೊನೆಯ ಹೊಟ್ಟೆ ಸೇರುತ್ತದೆ. ಸುರಿದರೆ ದೊಡ್ಡ ಹೊಟ್ಟೆಗೆ ಬಿದ್ದು ಹುಳಿಯುತ್ತದೆ. ಇನ್ನೂ ಕೆಟ್ಟದ್ದು ಅಂದರೆ ಶ್ವಾಸಕೋಶಕ್ಕೆ ಹೋಗುವುದು.

ಮೂಗಲ್ಲಿ ಹಾಲು ಬಂದಿದೆ ಅಂದರೆ ಈಗಲೇ ಗುದದಲ್ಲಿ ಥರ್ಮಾಮೀಟರ್ ಇಟ್ಟು ನೋಡಿ. ಮನುಷ್ಯರ ಡಿಜಿಟಲ್ ಸಾಕು. 38.5ರಿಂದ 39.5 ಇದ್ದರೆ ಚಿಂತೆಯಿಲ್ಲ. 40 ದಾಟಿದ್ದರೆ, ಉಸಿರಾಟದಲ್ಲಿ ಗೊರ ಗೊರ ಅಂತಿದ್ದರೆ ತಡಮಾಡಬೇಡಿ. 37ಕ್ಕಿಂತ ಕಡಿಮೆಯಿದ್ದರೆ ಹಾಲು ಕೊಡಲೇಬೇಡಿ, ಮೊದಲು ಮೈ ಬೆಚ್ಚಗೆ ಮಾಡಿ. ತಣ್ಣಗಿರುವ ಮರಿಗೆ ಚೀಪಲು, ನುಂಗಲು ಶಕ್ತಿ ಇರುವುದಿಲ್ಲ. ಬೆರಳು ಬಾಯಿಗಿಟ್ಟರೆ ಬಾಯಿ ತಣ್ಣಗಿದೆಯೋ ಬೆಚ್ಚಗಿದೆಯೋ ಗೊತ್ತಾಗುತ್ತದೆ.

ಬಯಲುಸೀಮೆ_ಮಾವ
ನಮ್ಮ ಮೇಕೆಗೂ ಹಾಲೇ ಇರಲಿಲ್ಲ. ಶತಾವರಿ ಬೇರಿನ ಪುಡಿ, ಮೆಂತ್ಯ, ಹುರುಳಿ ಬೇಯಿಸಿ ಕೊಟ್ಟೆ, ಎರಡು ವಾರದಲ್ಲಿ ಹಾಲು ಇಳಿಯಿತು. ತಾಯಿಗೆ ಹಾಕಿ, ಮರಿ ತಾನೇ ಕುಡಿಯುತ್ತದೆ. ಬಾಟಲಿ ಎಲ್ಲ ಪೇಟೆಯವರ ಗೋಳು.

ಹಾವೇರಿ_ಹಟ್ಟಿ
ಮಾವಾ, ಎರಡು ವಾರ ಈ ಮರಿ ಏನು ಕುಡಿಯಬೇಕು? ಅದಕ್ಕೇ ಕೇಳಿದ್ದು.

ಕೊಟ್ಟಿಗೆ_ಲೆಕ್ಕ
ಮಾವನವರ ಮಾತಿನಿಂದ ಒಂದು ನೆನಪಾಯಿತು. ತಾಯಿಯ ಕೆಚ್ಚಲನ್ನು ಮುಟ್ಟಿ ನೋಡಿದ್ದೀರಾ? ಒಂದು ಭಾಗ ಬಿಸಿ, ಗಟ್ಟಿ ಇದೆಯಾ? ಮೊದಲ ಎರಡು ಹಿಂಡನ್ನು ಕಪ್ಪು ಬಟ್ಟೆ ಮೇಲೆ ಹಿಂಡಿ. ಹೆಪ್ಪುಗಟ್ಟಿದ ಚೂರು ಕಂಡರೆ ಕೆಚ್ಚಲು ಬಾವು. ಅದಕ್ಕೆ ಶತಾವರಿ ಕೆಲಸ ಮಾಡುವುದಿಲ್ಲ.

ದೊಡ್ಡವೆರಡಕ್ಕೂ ಸಾಕಾಗುತ್ತಿದೆಯಾ ಅಂತ ತಕ್ಕಡಿಯನ್ನೇ ಕೇಳಿ. ದಿನಾ ಒಂದೇ ಹೊತ್ತಿಗೆ ತೂಗಿ ಬರೆದಿಡಿ. ದಿನಕ್ಕೆ 50 ಗ್ರಾಂ ಕೂಡ ಏರದಿದ್ದರೆ ಅವಕ್ಕೂ ಮೇಲಿನ ಹಾಲು ಬೇಕು.

ತೊರೆ_ದಂಡೆ
ಬಾಟಲಿ ತೊಳೆಯುವುದನ್ನು ಯಾರೂ ಹೇಳಲಿಲ್ಲ. ನಾನು ಮೊದಲು ಬಿಸಿನೀರಲ್ಲೇ ತೊಳೆಯುತ್ತಿದ್ದೆ, ಹಾಲು ಬೆಂದು ಒಳಗೆ ಅಂಟಿಕೊಳ್ಳುತ್ತಿತ್ತು. ಈಗ ಕುಡಿಸಿದ ಕೂಡಲೇ ತಣ್ಣೀರಲ್ಲಿ ಅಲುಗಾಡಿಸುತ್ತೇನೆ. ಆಮೇಲೆ ಬಿಸಿನೀರು, ಸೋಪು, ಬ್ರಷ್. ನಿಪ್ಪಲ್ ಬಿಚ್ಚಿ ಮಡಿಕೆ ತಿರುವಿ ಉಜ್ಜುತ್ತೇನೆ, ಹುಳಿ ವಾಸನೆ ಅಲ್ಲೇ ಕೂರುವುದು. ದಿನಕ್ಕೊಮ್ಮೆ ಕುದಿಸಿ, ಬೋರಲು ಹಾಕಿ ಒಣಗಿಸುತ್ತೇನೆ. ಬೆರಳಿಟ್ಟರೆ ಒಳಗೆ ಜಾರಿದರೆ ತೊಳೆದಿಲ್ಲ ಅಂತಲೇ ಅರ್ಥ.

ಕುಡಿದು ಉಳಿದ ಹಾಲನ್ನು ಮತ್ತೆ ಬಿಸಿ ಮಾಡಿ ಕೊಡಬೇಡಿ, ನಾಯಿಗೆ ಹಾಕಿ. ಹಾಲಿನ ಬಿಸಿ 38ರಿಂದ 40 ಡಿಗ್ರಿ, ಮಣಿಕಟ್ಟಿನ ಒಳಭಾಗಕ್ಕೆ ಬೆಚ್ಚಗೆ ಅನಿಸಬೇಕು. ಮೂರು ಮರಿ ಇದ್ದರೆ ಕೊನೆಯದಕ್ಕೆ ತಣ್ಣಗಾಗಿಬಿಡುತ್ತದೆ, ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಿಕೊಳ್ಳಿ.

ಗುಡ್ಡದ_ಹುಡುಗ
ಹಾಲು ಹಸಿಯೋ ಕಾಯಿಸಿದ್ದೋ? ಹಸಿದರಲ್ಲಿ ಶಕ್ತಿ ಜಾಸ್ತಿ ಅಂತಾರೆ.

ತೊರೆ_ದಂಡೆ
ನಾನು ಕಾಯಿಸಿ ಆರಿಸುತ್ತೇನೆ. ಪಕ್ಕದ ಮನೆ ಹಸುವಿಗೆ ಏನಿದೆಯೋ ಯಾರಿಗೆ ಗೊತ್ತು.

ಕೊಟ್ಟಿಗೆ_ಲೆಕ್ಕ
ನಮ್ಮದೇ ಹಸುವಾದರೆ ನಾನು ಹಸಿದೇ ಕೊಟ್ಟಿದ್ದೇನೆ. ಹೊರಗಿನದಾದರೆ ನಾನೂ ಕಾಯಿಸುತ್ತೇನೆ.

ಹಾವೇರಿ_ಹಟ್ಟಿ
ನಿನ್ನೆ ರಾತ್ರಿ ಜ್ವರ 40.4 ಇತ್ತು. ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿದೆ, ಬೆಳಿಗ್ಗೆ ಡಾಕ್ಟ್ರು ಬಂದು ನೋಡಿದರು. ಶ್ವಾಸಕೋಶದಲ್ಲಿ ಶಬ್ದ ಇದೆ ಅಂದರು. ಸೂಜಿ ಹಾಕಿದ್ದಾರೆ, ಇನ್ನೂ ನಾಲ್ಕು ದಿನ ಹಾಕಬೇಕಂತೆ. ಭೇದಿಗೆ ಓಆರ್‌ಎಸ್ ಕೊಟ್ಟರು, ಹಾಲು ನಿಲ್ಲಿಸಬೇಡಿ, ಎರಡಕ್ಕೂ ಮಧ್ಯೆ ಹೊತ್ತು ಬಿಡಿ ಅಂದರು. ಹೊಸ ನಿಪ್ಪಲ್ ತಂದೆ, ನಿಲ್ಲಿಸಿ ಕುಡಿಸಿದೆ. 40 ಎಂಎಲ್ ಕುಡಿಯಲು ಮೂರು ನಿಮಿಷ ಹಿಡಿಯಿತು, ಒಮ್ಮೆಯೂ ಕೆಮ್ಮಲಿಲ್ಲ. ತೂಕ ಮಾತ್ರ 1.4ರಲ್ಲೇ ಇದೆ.

ತಾಯಿಯ ಎಡಗಡೆ ಕೆಚ್ಚಲು ಗಟ್ಟಿ ಇದೆ. ಚೂರು ಕಾಣಲಿಲ್ಲ, ಹಾಲು ನೀರಿನ ಹಾಗಿತ್ತು. ಡಾಕ್ಟ್ರು ಅದರ ಹಾಲನ್ನು ಪರೀಕ್ಷೆಗೆ ತೆಗೆದುಕೊಂಡು ಹೋಗಿದ್ದಾರೆ. ಅಲ್ಲಿಯವರೆಗೆ ದೊಡ್ಡ ಮರಿಗಳನ್ನು ಆ ಮೊಲೆಗೆ ಬಿಡಬಹುದಾ?

ಕೊಟ್ಟಿಗೆ_ಲೆಕ್ಕ
ಫಲಿತಾಂಶ ಬರುವವರೆಗೆ ಬಿಡಬೇಡಿ. ಆ ಕಡೆಯದನ್ನು ಕೈಯಲ್ಲಿ ಹಿಂಡಿ ಚೆಲ್ಲಿ, ಆಮೇಲೆ ಕೈ ತೊಳೆದು ಇನ್ನೊಂದು ಕಡೆ ಮುಟ್ಟಿ. ದೊಡ್ಡವಕ್ಕೂ ಬಾಟಲಿ ಕಲಿಸಿ. ಅವು ಈಗ ಬಲಗಡೆಯದನ್ನೂ ಕುಡಿಯುತ್ತಿರುವುದರಿಂದ ಸಲಕ್ಕೆ 30ರಂತೆ ಶುರುಮಾಡಿ, ತಕ್ಕಡಿ ನೋಡಿ ಏರಿಸಿ.