ಬೋರ್ಡಿನ ಫೋಟೋ ನೋಡಿ ಲೆಕ್ಕ ಹಾಕ್ತಿದ್ದೀನಿ, ಕೈಗೆ ನಿಜವಾಗಿ ಎಷ್ಟು ಬರುತ್ತೆ?

ಕೇಳಿದವರು: ಹಣ ಬದಲಾಯಿಸೋ ಕೌಂಟರಿನ ಬೋರ್ಡ್ ಫೋಟೋ ತೆಗೆದುಕೊಂಡು ಬಂದೆ. ಡಾಲರ್ ಸಾಲಿನಲ್ಲಿ ಬೈ 34.20, ಸೆಲ್ 36.80. ಕೆಳಗೆ ಕಮಿಷನ್ 3%, ಕನಿಷ್ಠ 40 ಅಂತಿದೆ. ನನ್ನ ಹತ್ತಿರ 200 ಡಾಲರ್ ಇದೆ. ನಾಳೆ ಕೊಟ್ಟರೆ ಅಲ್ಲಿನ ಹಣ ಎಷ್ಟು ಸಿಗುತ್ತೆ? ಅನುಭವ ಇದ್ದವರು ಹೇಳಿ.

ಸುತ್ತಾಟದವಳು: ಸೆಲ್ ಕಡೆ ಕಣ್ಣೇ ಹಾಯಿಸಬೇಡಿ. ನಾನು ಹಾಯಿಸಿ ಅನುಭವಿಸಿದ್ದೀನಿ. 650 ಡಾಲರ್ ಇತ್ತು, ರೂಮಿನ ಬಾಕಿ 11,000 ಕಟ್ಟಬೇಕಿತ್ತು. ಫೋಟೋದಲ್ಲಿ ದಪ್ಪಗೆ ಕಂಡಿದ್ದು 17.90. ಗುಣಿಸಿದರೆ 11,635, ಸಾಕಲ್ಲ ಅಂತ ರಾತ್ರಿ ನಿಶ್ಚಿಂತೆಯಿಂದ ಮಲಗಿದೆ. ಅದು ಅವರು ಡಾಲರ್ ಮಾರುವ ದರ. ನನ್ನಿಂದ ಕೊಳ್ಳೋದು 16.10ಕ್ಕೆ. 10,465 ಆಯ್ತು, 2% ಕಮಿಷನ್ ಕಳೆದು ಕೈಗೆ ಬಂದಿದ್ದು 10,255.70. ಬಾಕಿಗೆ 744 ಕಮ್ಮಿ! ಮತ್ತೆ ಕ್ಯೂ ನಿಂತು ಐವತ್ತರ ನೋಟು ಕೊಟ್ಟೆ. 805ಕ್ಕೆ 2% ಅಂದ್ರೆ ಹದಿನಾರು ಚಿಲ್ಲರೆ, ಆದರೆ ಕನಿಷ್ಠ 30 ಅಂತ ಬರೆದಿತ್ತಲ್ಲ, ಮೂವತ್ತನ್ನೇ ಹಿಡಿದರು. ಒಂದೇ ಸಲ 700 ಕೊಟ್ಟಿದ್ದರೆ ಆ ಹದಿನಾಲ್ಕು ಉಳೀತಿತ್ತು. ಇವತ್ತಿಗೂ ಹೊಟ್ಟೆ ಉರಿಯುತ್ತೆ.

ನೇರ ಮಾತು: ಕಮಿಷನ್ ತಗೊಳ್ಳೋ ಕೌಂಟರಿಗೆ ಹೋಗೋದೇ ತಪ್ಪು. ನಾನು ನಾಲ್ಕು ಕಡೆ ಓಡಾಡಿ ಕಮಿಷನ್ ಸೊನ್ನೆ ಇರೋದನ್ನು ಹುಡುಕಿದೆ. ಬೈ 15.60, ಸೆಲ್ 18.40. 300 ಡಾಲರ್ ಕೊಟ್ಟೆ, 4,680 ಎಣಿಸಿಕೊಂಡು ಬಂದೆ. ಒಂದು ಪೈಸೆ ಕಡಿತ ಇಲ್ಲ. ನೀವೂ ಹುಡುಕಿ.

ಹಳೇ ಕೌಂಟರಿನವ: ಸ್ವಾಮಿ, ಕಡಿತ ಆಗಿದೆ, ಆದರೆ ರಸೀದಿಯಲ್ಲಿ ಕಾಣೋದಿಲ್ಲ. ನಿಮ್ಮ ಎರಡು ದರಗಳ ನಡುಮಧ್ಯ 17.00. ಸಿಕ್ಕಿದ್ದು 15.60, ಅಂದರೆ ನೂರಕ್ಕೆ ಎಂಟಕ್ಕಿಂತ ಜಾಸ್ತಿ ಹೋಯ್ತು. ಕೇಳಿದವರ ಬೋರ್ಡಿನಲ್ಲಿ ನಡುಮಧ್ಯ 35.50. 200ನ್ನು 34.20ರಿಂದ ಗುಣಿಸಿದರೆ 6,840. ಅದರಲ್ಲಿ 3% ಅಂದರೆ 205.20, ಕನಿಷ್ಠ 40ರ ಮಾತೇ ಬರಲ್ಲ. ಉಳಿಯೋದು 6,634.80, ಡಾಲರಿಗೆ 33.17 ಬಿದ್ದಂಗೆ. ಕಮಿಷನ್ ಸೇರಿಸಿಯೂ ಹೋಗೋದು ನೂರಕ್ಕೆ ಆರೂವರೆ. ನಡುಮಧ್ಯ ಅನ್ನೋದು ಮಾರುಕಟ್ಟೆ ದರವೇ ಆಗಿರಬೇಕಿಲ್ಲ, ಕೆಲವರು ಕೊಳ್ಳೋ ಕಡೆ ಹೆಚ್ಚು ಎಳೆದಿರ್ತಾರೆ. ಆದರೂ ಎರಡು ಬೋರ್ಡ್ ಹೋಲಿಸೋಕೆ ಇದು ಸಾಕು.

ನೇರ ಮಾತು: ಕೌಂಟರಿನಲ್ಲಿ ಕೂತಿದ್ದವರು ಕೌಂಟರಿನ ಪರವೇ ಮಾತಾಡೋದು. ನನಗೆ ಸಿಕ್ಕಿದ ಹಣ ನಾನು ಎಣಿಸಿದ್ದೀನಿ.

ಸುತ್ತಾಟದವಳು: ಎಣಿಸಿದ್ದೀರಿ ಸರಿ, ಎಷ್ಟು ಬರಬೇಕಿತ್ತು ಅಂತ ಎಣಿಸಿದ್ದೀರಾ? ಅವರು ಲೆಕ್ಕ ಬಿಡಿಸಿ ಹೇಳಿದ್ದಾರೆ, ಮೊದಲು ಓದಿ.

ಪುಟ್ಟಣ್ಣ: 200 × 36.80 = 7,360, ಕಮಿಷನ್ 220.80. ಒಟ್ಟು 7,580.80 ರೆಡಿ ಇಟ್ಕೊಳ್ಳಿ. ನಾನು ಮಗಳಿಗೆ ಡಾಲರ್ ತಗೊಂಡಾಗ ಹೀಗೇ ಕಟ್ಟಿದ್ದು.

ಸುತ್ತಾಟದವಳು: ಅಣ್ಣಾ, ಅವರು ಡಾಲರ್ ಕೊಳ್ಳೋದಲ್ಲ, ಕೊಡೋದು!

ಹಳೇ ಕೌಂಟರಿನವ: ಪುಟ್ಟಣ್ಣನವರ ಗುಣಾಕಾರ ಸರಿ, ದಿಕ್ಕು ಬೇರೆ. ಕೊಳ್ಳುವಾಗ ಕಮಿಷನ್ ಮೇಲೆ ಕೂಡುತ್ತೆ, ಕೊಡುವಾಗ ಬಂದದ್ದರಲ್ಲಿ ಕಳೆಯುತ್ತೆ.

ಕ್ಯಾಮೆರಾ ಹುಚ್ಚ: ಎಲ್ಲರೂ ಫೋಟೋದಲ್ಲಿರೋ ಅಂಕಿಯನ್ನೇ ನಂಬ್ತಿದ್ದೀರಿ. ಕೆಂಪು ದೀಪದ ಬೋರ್ಡುಗಳು ಕಣ್ಣಿಗೆ ತಿಳಿಯದಷ್ಟು ಬೇಗ ಮಿನುಗುತ್ತವೆ. ಫೋಟೋ ಹೊಡೆದ ಕ್ಷಣದಲ್ಲಿ ಒಂದು ಗೀಟು ಆರಿದ್ದರೆ 8 ಅನ್ನೋದು 6 ಆಗುತ್ತೆ, ಚುಕ್ಕಿ ಮಾಯವಾಗುತ್ತೆ. ನನ್ನ ಫೋಟೋದಲ್ಲಿ ಯೆನ್ ಸಾಲು ನೋಡಿ ಬೆಚ್ಚಿಬಿದ್ದಿದ್ದೆ. ಪಕ್ಕದಲ್ಲಿ ಸಣ್ಣದಾಗಿ 100 ಅಂತಿತ್ತು, ದರ ನೂರು ಯೆನ್‌ಗೆ. ನಾಲ್ಕೈದು ಫೋಟೋ ತೆಗೆದು ಹೋಲಿಸಿ. ಬೈಗಿಂತ ಸೆಲ್ ಚಿಕ್ಕದಾಗಿ ಕಂಡರೆ ಅಂಕಿ ತಪ್ಪಿರಬೇಕು, ಇಲ್ಲಾ ಆ ಬೋರ್ಡ್ ಅಲ್ಲಿನ ಒಂದು ನಾಣ್ಯಕ್ಕೆ ಎಷ್ಟು ಡಾಲರ್ ಅಂತ ಉಲ್ಟಾ ಬರೆದಿರೋದು. ಆಗ ಗುಣಿಸಬಾರದು, ಭಾಗಿಸಬೇಕು.

ನೇರ ಮಾತು: ಫೋಟೋ ತೆಗೆಯೋಕೆ ಕೌಂಟರಿನವರು ಬಿಡೋದೇ ಇಲ್ಲ. ನನ್ನನ್ನು ಗದರಿಸಿದ್ದರು.

ಕ್ಯಾಮೆರಾ ಹುಚ್ಚ: ಬೋರ್ಡ್ ತೂಗುಹಾಕಿರೋದೇ ಜನ ನೋಡಲಿ ಅಂತ. ಗದರಿಸೋ ಕಡೆ ನೀವು ಹಣ ಯಾಕೆ ಕೊಟ್ಟಿರಿ?

ಕೇಳಿದವರು: ಎಲ್ಲರಿಗೂ ಧನ್ಯವಾದ. ಈಗ ಫೋಟೋ ಹಿಗ್ಗಿಸಿ ನೋಡಿದೆ. 34.20 ಪಕ್ಕದಲ್ಲಿ ತೀರಾ ಸಣ್ಣದಾಗಿ 500+ ಅಂತಿದೆ. ನನ್ನ ಹತ್ತಿರ ಇರೋದು 200 ಮಾತ್ರ, ಅದರಲ್ಲೂ ಅರ್ಧ ಹತ್ತರ ನೋಟುಗಳು.

ಹಳೇ ಕೌಂಟರಿನವ: ಹಾಗಾದರೆ 6,634ನ್ನು ಮರೆತುಬಿಡಿ. ಆ ದರ 500ರ ಮೇಲಿನವರಿಗೆ, ನಿಮ್ಮದು ಇನ್ನೂ ಕೆಳಗೆ. ಹತ್ತರ ನೋಟುಗಳಿಗೆ ಕೆಲವರು ಮತ್ತಷ್ಟು ಇಳಿಸ್ತಾರೆ. ನೋಟು ಗಾಜಿನ ಒಳಗೆ ಹೋಗೋ ಮುಂಚೆ, 'ಈ 200ಕ್ಕೆ ಎಲ್ಲಾ ಕಳೆದು ಕೈಗೆ ಎಷ್ಟು' ಅಂತ ಕೇಳಿ, ಕ್ಯಾಲ್ಕುಲೇಟರಿನಲ್ಲಿ ಒತ್ತಿ ತೋರಿಸಲಿ. ಬಂದ ಮೊತ್ತವನ್ನು 200ರಿಂದ ಭಾಗಿಸಿದರೆ ನಿಮಗೆ ಸಿಗೋ ದರ ಗೊತ್ತಾಗುತ್ತೆ.

ಪುಟ್ಟಣ್ಣ: ನಮ್ಮ ಮಗಳ ಹತ್ತಿರವೂ ಹತ್ತರ ನೋಟುಗಳೇ ಉಳಿದಿವೆ. ಎಷ್ಟು ಇಳಿಸ್ತಾರೆ ಅಂತ ಯಾರಾದರೂ ಹೇಳ್ತೀರಾ?